ದುಡ್ಡೆಲ್ಲ ಕೊಲಂಬೊದಲ್ಲಿತ್ತು: ಹುಲ್ಲು ಕತ್ತರಿಸುವ ಮೆಷಿನ್ ಆಮದಿನ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಅಡಿಕೆ ತೋಟಗಳ ನಡುವಿನ ಒಂದು ಪೇಟೆ. ಅಲ್ಲಿ ಕೃಷಿ ಯಂತ್ರ ಮತ್ತು ತೋಟದ ಔಷಧಿ ಮಾರುವ ಒಂದು ಅಂಗಡಿ. ಯಜಮಾನರಿಗೆ ಅರವತ್ತು ದಾಟಿದೆ. ಲೆಕ್ಕ, ಬ್ಯಾಂಕು, ಫೋನು ಎಲ್ಲ ನೋಡಿಕೊಳ್ಳುವುದು ಅವರ ಸೋದರಳಿಯ. ಅವರ ವಾರ್ಷಿಕ ಲೆಕ್ಕಪತ್ರ ಮಾಡಿಕೊಡುವವನು ನಾನು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಅನುಪಾತ ಮಾತ್ರ ನಿಜದ್ದೇ.

ಅವರ ಮುಖ್ಯ ಮಾಲು ಪೆಟ್ರೋಲಿನ ಹುಲ್ಲು ಕತ್ತರಿಸುವ ಮೆಷಿನ್. ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ತೋಟದಲ್ಲಿ ಕಳೆ ಮೊಣಕಾಲಿಗೆ ಬರುತ್ತದೆ. ಹಾಗಾಗಿ ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ದಿನಕ್ಕೆ ಸರಾಸರಿ 5 ಮೆಷಿನ್ ಹೋಗುತ್ತದೆ. ಉಳಿದ ಕಾಲದಲ್ಲಿ ದಿನಕ್ಕೆ 2. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುತ್ತಲಿನ ಸಣ್ಣ ಅಂಗಡಿಗಳಿಗೆ ಹೋಲ್‌ಸೇಲ್.

2023ರವರೆಗೆ ಇದನ್ನು ಕೊಯಮತ್ತೂರಿನ ಒಬ್ಬ ಸಗಟು ವ್ಯಾಪಾರಿಯಿಂದ ತರಿಸುತ್ತಿದ್ದರು. ತೆರಿಗೆ ಬಿಟ್ಟು ಮೆಷಿನ್‌ಗೆ 8,400 ರೂ. ಫೋನ್ ಮಾಡಿದರೆ ನಾಲ್ಕು ದಿನದಲ್ಲಿ ಲಾರಿಯಲ್ಲಿ ಬರುತ್ತಿತ್ತು, 30 ದಿನ ಸಾಲವೂ ಇತ್ತು. ಅದೇ ಮೆಷಿನ್ ಚೀನಾದ ಕಾರ್ಖಾನೆಯಿಂದ ನೇರ ತರಿಸಿದರೆ ನಿಂಗ್ಬೊ ಬಂದರಿನಲ್ಲಿ ಹಡಗಿಗೆ ಹಾಕಿಕೊಡುವ ಬೆಲೆ 6,000. ಬಾಡಿಗೆ, ವಿಮೆ, ಕಸ್ಟಮ್ಸ್ ಸುಂಕ, ಕ್ಲಿಯರಿಂಗ್ ಖರ್ಚು ಸೇರಿ ಗೋದಾಮಿಗೆ ಬಂದಾಗ 6,900. ಒಂದಕ್ಕೆ 1,500 ರೂ. ಉಳಿತಾಯ. 2024ರಲ್ಲಿ ನೇರ ಆಮದು ಶುರು ಮಾಡಿದರು. ಮೊದಲ ಕಂಟೇನರ್ 300 ಮೆಷಿನ್ ಹೊತ್ತು ಮಂಗಳೂರಿನ ಪಣಂಬೂರು ಬಂದರಿಗೆ ಬಂತು, ತೊಂದರೆ ಇಲ್ಲದೆ ಬಿಡುಗಡೆಯೂ ಆಯಿತು.

ಮೈಲುತುತ್ತು ಇಲ್ಲದ ಮೇ ತಿಂಗಳು

ತೊಂದರೆ ಮೊದಲು ಕಾಣಿಸಿದ್ದು ಮೆಷಿನ್ ಮಾರಾಟದಲ್ಲಿ ಅಲ್ಲ, ಮೈಲುತುತ್ತಿನಲ್ಲಿ.

ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಯದಿದ್ದರೆ ಕೊಳೆರೋಗ ಬಿಡುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೇ ಕೊನೆಯ ಎರಡು ವಾರ ಮೈಲುತುತ್ತು ಎಷ್ಟು ತಂದರೂ ಖರ್ಚಾಗುತ್ತದೆ, ಅದೂ ಹೆಚ್ಚಾಗಿ ರೊಕ್ಕಕ್ಕೆ. ಆ ಅಂಗಡಿಯ ಮಟ್ಟಿಗೆ ವರ್ಷದಲ್ಲೇ ಅತಿ ಬೇಗ ತಿರುಗುವ ದುಡ್ಡು ಅದು. 2024ರ ಮೇಯಲ್ಲಿ ಅವರ ಹತ್ತಿರ ಮೈಲುತುತ್ತು ಇರಲಿಲ್ಲ. ತರಿಸಲು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಲ್ಲಿ, ಅಂದರೆ ಓಡಿಯಲ್ಲಿ, ಜಾಗ ಇರಲಿಲ್ಲ. ಖಾಯಂ ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು.

ಯಜಮಾನರಿಗೆ ಇದು ಅರ್ಥವಾಗಲಿಲ್ಲ. "ವ್ಯಾಪಾರ ಚೆನ್ನಾಗಿದೆ, ಲಾಭ ಇದೆ, ಗೋದಾಮು ಅರ್ಧ ಖಾಲಿ. ಮತ್ತೆ ದುಡ್ಡು ಎಲ್ಲಿ ಹೋಯಿತು?" ಅಂದರು. ಅಳಿಯ ಬ್ಯಾಂಕಿಗೆ ಹೋಗಿ ಕೇಳಿದರೆ ಮ್ಯಾನೇಜರ್ ಸ್ಟಾಕ್ ಸ್ಟೇಟ್‌ಮೆಂಟ್ ತೋರಿಸಿದರು. ಓಡಿ ಲಿಮಿಟ್ 25 ಲಕ್ಷ ನಿಜ. ಆದರೆ ಎಷ್ಟು ತೆಗೆಯಬಹುದು ಅನ್ನುವುದು ತಿಂಗಳ ಕೊನೆಯ ಸ್ಟಾಕಿನ ಮೇಲೆ ನಿಂತಿರುತ್ತದೆ. ಆ ಲೆಕ್ಕದಲ್ಲಿ ಡ್ರಾಯಿಂಗ್ ಪವರ್ 17 ಲಕ್ಷಕ್ಕೆ ಇಳಿದಿತ್ತು. ಅದರಲ್ಲಿ 16 ಲಕ್ಷ ಆಗಲೇ ತೆಗೆದಾಗಿತ್ತು.

ಆ ಸ್ಟೇಟ್‌ಮೆಂಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹುಲ್ಲಿನ ಮೆಷಿನ್ ಅಂತ ಇದ್ದ ಸಾಲಿನಲ್ಲಿ ಗೋದಾಮಿನಲ್ಲಿರುವ 60 ಮಾತ್ರ ಇತ್ತು. ಎರಡನೇ ಕಂಟೇನರಿನ 300 ಮೆಷಿನ್ ಎಲ್ಲೂ ಇರಲಿಲ್ಲ. ಅದಕ್ಕೆ ಕೊಟ್ಟ 18 ಲಕ್ಷವನ್ನು ಅಳಿಯ "ಸರಬರಾಜುದಾರರಿಗೆ ಮುಂಗಡ" ಅಂತ ಬರೆದಿದ್ದರು. ಬ್ಯಾಂಕ್ ಮುಂಗಡವನ್ನು ಸ್ಟಾಕ್ ಅಂತ ಒಪ್ಪುವುದಿಲ್ಲ. ಹಾಗೆ ನೋಡಿದರೆ ಅದು ಮುಂಗಡವೂ ಅಲ್ಲ. ಹಡಗಿಗೆ ಏರಿದ ಕ್ಷಣದಿಂದ ಎಫ್‌ಓಬಿ ಕರಾರಿನ ಪ್ರಕಾರ ಆ ಮಾಲಿನ ಹೊಣೆ ಇವರದ್ದು. ಮುಳುಗಿದರೂ ಇವರದ್ದೇ, ಬಂದರೂ ಇವರದ್ದೇ. ಅಂಗಡಿಯ ಅತಿ ದೊಡ್ಡ ಸ್ಟಾಕ್ ಕೊಲಂಬೊ ಬಂದರಿನಲ್ಲಿ ಮಂಗಳೂರಿನ ಹಡಗಿಗೆ ಕಾಯುತ್ತಿತ್ತು, ಪುಸ್ತಕದಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ದಾರಿಯ ಲೆಕ್ಕ

ಯಜಮಾನರ ತಲೆಯಲ್ಲಿ ಇದ್ದ ಅಂಕಿ "ಹಡಗಿಗೆ ಇಪ್ಪತ್ತು ದಿನ" ಅಂತ. ಅದು ಚೀನಾದವರು ಹೇಳಿದ್ದು, ಸುಳ್ಳೂ ಅಲ್ಲ. ಆದರೆ ನಮಗೆ ಬೇಕಾದ ದಿನ ಶುರುವಾಗುವುದು ದುಡ್ಡು ಕೊಟ್ಟಾಗ, ಮುಗಿಯುವುದು ಮೆಷಿನ್ ಮಾರಲು ಸಿದ್ಧವಾದಾಗ. ಹಾಗೆ ಎಣಿಸಲು ಕೂತೆವು.

ಆರ್ಡರ್ ಜೊತೆ 30 ಶೇಕಡಾ ಮುಂಗಡ. ತಯಾರಾಗಿ ಬಂದರಿಗೆ ಬಂದು ಹಡಗು ಏರಲು 35 ದಿನ. ಹಡಗು ಏರಿದ ಮೇಲೆ ಹಡಗು ಕಂಪನಿ ಕೊಡುವ ಸಾಗಣೆ ರಸೀದಿಯಾದ ಬಿಲ್ ಆಫ್ ಲೇಡಿಂಗ್ ನಕಲು ತೋರಿಸಿ ಉಳಿದ 70 ಶೇಕಡಾ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಕೊಲಂಬೊಗೆ 17 ದಿನ. ಕೊಲಂಬೊದಲ್ಲಿ ಕಂಟೇನರ್ ಇಳಿಸಿ, ಮಂಗಳೂರಿನ ಸಣ್ಣ ಹಡಗಿಗೆ ಹಾಕುವವರೆಗೆ ಸುಮಾರು 8 ದಿನ. ಆಮೇಲೆ ಪಣಂಬೂರಿಗೆ 3 ದಿನ. ಕಸ್ಟಮ್ಸ್ ಮತ್ತು ಬಿಡುಗಡೆಗೆ 7. ಗೋದಾಮಿಗೆ ತಂದು, ಪೆಟ್ಟಿಗೆ ಬಿಚ್ಚಿ, ಜೋಡಿಸಿ, ಸ್ಟಾರ್ಟ್ ಮಾಡಿ ನೋಡಲು 3. ಒಟ್ಟು, ಪೂರ್ತಿ ದುಡ್ಡು ಕೊಟ್ಟ ಮೇಲೆ 38 ದಿನ.

ಈಗ ಗುಣಿಸಬೇಕಾದದ್ದು ಒಂದೇ: ದಿನದ ಮಾರಾಟ ಗುಣಿಸು ದಾರಿಯ ದಿನ. ಸೀಸನ್‌ನಲ್ಲಿ 5 × 38, ಅಂದರೆ ಸರಾಸರಿ 190 ಮೆಷಿನ್ ಯಾವಾಗಲೂ ದಾರಿಯಲ್ಲಿ ಇರಲೇಬೇಕು. 6,000ದ ಲೆಕ್ಕದಲ್ಲಿ 11.4 ಲಕ್ಷ. ಅದರ ಹಿಂದೆ ಕಾರ್ಖಾನೆಯಲ್ಲಿ ತಯಾರಾಗುತ್ತಿರುವುದಕ್ಕೆ ಕೊಟ್ಟ ಮುಂಗಡ ಬೇರೆ, ಸುಮಾರು 3 ಲಕ್ಷ. ಕೊಯಮತ್ತೂರಿನಿಂದ ತರಿಸುವಾಗ ದಾರಿಯಲ್ಲಿ ಇರುತ್ತಿದ್ದದ್ದು 20 ಮೆಷಿನ್. ಅದಕ್ಕೂ ದುಡ್ಡು ಹಾಕುತ್ತಿದ್ದದ್ದು ಕೊಯಮತ್ತೂರಿನವರೇ, ಯಾಕೆಂದರೆ ಸಾಲ ಇತ್ತು. ಮಾರಾಟ ಒಂದು ಮೆಷಿನ್ ಕೂಡ ಹೆಚ್ಚಾಗದೆ, ಬರೀ ದಾರಿ ಉದ್ದವಾದದ್ದಕ್ಕೆ 14 ಲಕ್ಷಕ್ಕಿಂತ ಜಾಸ್ತಿ ದುಡ್ಡು ಬೇಕಾಯಿತು.

ಯಜಮಾನರಿಗೆ ಹೇಳಲು ನಾನು ಅವರದ್ದೇ ಗುಡ್ಡದ ನೀರಿನ ಸುರಂಗವನ್ನು ಹಿಡಿದುಕೊಂಡೆ. ಸುರಂಗದಿಂದ ತೋಟಕ್ಕೆ ಪೈಪ್ ಎಳೆದರೆ, ಪೈಪ್ ತುಂಬುವವರೆಗೆ ಈ ತುದಿಯಲ್ಲಿ ನೀರು ಬೀಳುವುದಿಲ್ಲ. ಪೈಪ್ ಉದ್ದವಾದಷ್ಟೂ ಅದರ ಹೊಟ್ಟೆಯಲ್ಲಿ ನಿಲ್ಲುವ ನೀರು ಜಾಸ್ತಿ. ಆ ನೀರು ತೋಟಕ್ಕೂ ಇಲ್ಲ, ಸುರಂಗದಲ್ಲೂ ಇಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಡ್ಡಿ ಎಷ್ಟು ಬಿತ್ತು ಹೇಳಿ" ಅಂದರು.

ಬಡ್ಡಿ ದೊಡ್ಡದಲ್ಲ. 11 ಶೇಕಡಾದಂತೆ 6,000 ರೂ.ಗೆ 38 ದಿನಕ್ಕೆ 69 ರೂ., ಮುಂಗಡದ ಬಡ್ಡಿ 19 ರೂ. ಉಳಿತಾಯ 1,500. ಲಾಭದ ಪ್ರಶ್ನೆ ಕೇಳಿದರೆ ಆಮದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಪೆಟ್ಟು ಬಿದ್ದದ್ದು ಲಿಮಿಟಿಗೆ. 69 ರೂಪಾಯಿ ಬಡ್ಡಿಗೆ ಹೆದರಬೇಕಾಗಿಲ್ಲ. ಆದರೆ ಆ 6,000 ಮೇ ತಿಂಗಳಲ್ಲಿ ಮೈಲುತುತ್ತಾಗಿ ಎರಡು ಸಲ ತಿರುಗಬಹುದಿತ್ತು. ಅದು ಬಡ್ಡಿ ಲೆಕ್ಕದಲ್ಲಿ ಬರುವುದಿಲ್ಲ. ಆಮದಿನ ಲೆಕ್ಕ ಹಾಕುವವರು ಹೆಚ್ಚಾಗಿ ಬಡ್ಡಿಯನ್ನು ಬೆಲೆಗೆ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ.

ಹತ್ತೊಂಬತ್ತು ದಿನ

ಇಷ್ಟೆಲ್ಲ ಲೆಕ್ಕ ಹಾಕಿದ್ದು ದಾರಿ ಸರಿ ಇದ್ದಾಗಿನದ್ದು. ಎರಡನೇ ಕಂಟೇನರ್‌ಗೆ ದಾರಿ ಸರಿ ಇರಲಿಲ್ಲ. ಕೆಂಪು ಸಮುದ್ರದ ದಾಳಿಗಳಿಂದಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗುತ್ತಿದ್ದ ವರ್ಷ ಅದು. ಚೀನಾದಿಂದ ನಮಗೆ ಬರುವ ದಾರಿಯಲ್ಲಿ ಕೆಂಪು ಸಮುದ್ರ ಇಲ್ಲ. ಆದರೆ ಹಡಗುಗಳ ವೇಳಾಪಟ್ಟಿ ಕೆಟ್ಟು ಸಿಂಗಾಪುರದಂಥ ಬಂದರುಗಳಲ್ಲಿ ಕಂಟೇನರ್ ರಾಶಿ ಬಿದ್ದಿತ್ತು, ಆ ಬಿಸಿ ಎಲ್ಲರಿಗೂ ತಟ್ಟಿತು. ಇವರ ಕಂಟೇನರ್ ಕೊಲಂಬೊದಲ್ಲಿ ಎರಡು ಸಣ್ಣ ಹಡಗು ತಪ್ಪಿಸಿಕೊಂಡಿತು. 28 ದಿನದ ಸಮುದ್ರ 43 ದಿನವಾಯಿತು. ಜೂನ್ ಎರಡನೇ ವಾರ ಪಣಂಬೂರು ತಲುಪಿತು. ಅಲ್ಲಿ ಮತ್ತೆ 19 ದಿನ.

"ಕಸ್ಟಮ್ಸ್‌ನವರು 19 ದಿನ ಇಟ್ಟುಕೊಂಡರು" ಅಂತ ಅಳಿಯ ಎಲ್ಲರ ಹತ್ತಿರ ಹೇಳುತ್ತಿದ್ದರು. ಮಂಗಳೂರಿನ ಕಸ್ಟಮ್ಸ್ ಬ್ರೋಕರ್ ಹತ್ತಿರ ಕೂತು ದಿನ ದಿನಕ್ಕೆ ಬಿಡಿಸಿ ನೋಡಿದಾಗ ಚಿತ್ರ ಬೇರೆಯೇ ಇತ್ತು.

ಮೊದಲ 4 ದಿನ, ಆಮದಿನ ಮಾಲನ್ನು ಕಸ್ಟಮ್ಸ್‌ಗೆ ಘೋಷಿಸುವ ಬಿಲ್ ಆಫ್ ಎಂಟ್ರಿಯನ್ನೇ ಹಾಕಿರಲಿಲ್ಲ. ಇನ್‌ವಾಯ್ಸ್‌ನಲ್ಲಿ ಬ್ಲೇಡುಗಳ ಸಂಖ್ಯೆ ಒಂದು, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಇನ್ನೊಂದು. ತಿದ್ದಿದ ಪ್ರತಿ ಚೀನಾದಿಂದ ಬರಲು ಕಾದರು. ಬಿಲ್ ಆಫ್ ಎಂಟ್ರಿಯನ್ನು ಸಾಮಾನ್ಯವಾಗಿ ಹಡಗು ಬರುವ ಹಿಂದಿನ ದಿನದೊಳಗೆ ಹಾಕಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂ. ಶುಲ್ಕ. ಆ ದಂಡವೂ ಬಿತ್ತು.

ಆಮೇಲೆ 8 ದಿನ ವರ್ಗೀಕರಣದ ಪ್ರಶ್ನೆ. ಇವರು ಮೆಷಿನನ್ನು ಹುಲ್ಲು, ಬೆಳೆ ಕೊಯ್ಯುವ ಯಂತ್ರಗಳ ಸುಂಕ ಸಂಖ್ಯೆ 8433ರಲ್ಲಿ ತೋರಿಸಿದ್ದರು. ಅಧಿಕಾರಿ, ಇದು ಕೈಯಲ್ಲಿ ಹಿಡಿದು ಕೆಲಸ ಮಾಡುವ ಎಂಜಿನ್ ಉಪಕರಣ, 8467ಕ್ಕೆ ಬರಬಾರದೇಕೆ ಅಂತ ಕೇಳಿದರು. ಆಗ ಮೊದಲನೆಯದಕ್ಕೆ ಆಮದಿನ ಮೇಲಿನ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, 12 ಶೇಕಡಾ, ಎರಡನೆಯದಕ್ಕೆ 18. ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರಕ್ಕೆ ಬೇಕಾದ ಕ್ಯಾಟಲಾಗ್, ಎಂಜಿನ್ ವಿವರ ಕಾರ್ಖಾನೆಯಿಂದ ಬರಲು ಆ 8ರಲ್ಲಿ 5 ದಿನ ಹೋಯಿತು. ನಂತರ ಮಾಲು ತೆರೆದು ಪರೀಕ್ಷೆಗೆ 3 ದಿನ. ಸುಂಕ ಕಟ್ಟಲು 2 ದಿನ, ಯಾಕೆಂದರೆ ಓಡಿಯಲ್ಲಿ ದುಡ್ಡಿಲ್ಲ! ಕೊನೆಗೆ ಹಡಗು ಕಂಪನಿಯ ಡೆಲಿವರಿ ಆರ್ಡರ್, ಲಾರಿ ಅಂತ 2 ದಿನ. ಅಷ್ಟರಲ್ಲಿ ಕಂಟೇನರಿನ ಫ್ರೀ ದಿನಗಳು ಮುಗಿದು ಅದಕ್ಕೂ ಬಾಡಿಗೆ ಕಟ್ಟಿದರು.

19ರಲ್ಲಿ ಇಲಾಖೆಯ ಕೈಯಲ್ಲಿದ್ದದ್ದು 6 ದಿನ. 11 ದಿನ ಇವರದ್ದೇ ಕಾಗದ ಮತ್ತು ಇವರದ್ದೇ ದುಡ್ಡಿನ ಕೊರತೆ. ಅದರಲ್ಲೂ ಆ 2 ದಿನ ನನಗೆ ಬಹಳ ಹೇಳಿತು. ದಾರಿಯಲ್ಲಿರುವ ಮಾಲಿಗೆ ದುಡ್ಡು ಹಾಕಿ ಕೈ ಖಾಲಿಯಾಗಿ, ಸುಂಕ ಕಟ್ಟಲಾಗದೆ, ಅದೇ ಮಾಲು ಇನ್ನೂ ಎರಡು ದಿನ ದಾರಿಯಲ್ಲೇ ಉಳಿಯಿತು.

ಅಂತೂ ಮೆಷಿನ್ ಅಂಗಡಿಗೆ ಬಂದದ್ದು ಜೂನ್ ಕೊನೆಗೆ. ಅದಕ್ಕೆ ಮುಂಚೆ ಒಂದು ವಾರ ಅಂಗಡಿಯಲ್ಲಿ ಮೆಷಿನ್ ಇಲ್ಲ, ಹೊರಗೆ ಜಡಿಮಳೆ.

ಮಾಡಿ ನೋಡಿದ್ದು

ಯಜಮಾನರ ಮೊದಲ ತೀರ್ಮಾನ, ಸಣ್ಣ ಸಣ್ಣ ಆರ್ಡರ್ ಹಾಕುವುದು. ಪೂರ್ತಿ ಕಂಟೇನರ್ ಬೇಡ, ಬೇರೆಯವರ ಮಾಲಿನ ಜೊತೆ ಹಂಚಿಕೊಂಡು ಬರುವ ಎಲ್‌ಸಿಎಲ್‌ನಲ್ಲಿ 60, 100 ಹೀಗೆ ತರಿಸೋಣ, ದುಡ್ಡು ಕಮ್ಮಿ ಸಾಕು ಅಂತ. ಕೇಳಿದರೆ ಸರಿ ಅನ್ನಿಸುತ್ತದೆ ಅಲ್ವಾ? ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹಾಗೇ ಮಾಡಿದರು.

ಗೋದಾಮಿನ ಸ್ಟಾಕ್ ಇಳಿದದ್ದು ನಿಜ. 300ರ ಲಾಟ್ ಬಂದರೆ ಸರಾಸರಿ 150 ಗೋದಾಮಿನಲ್ಲಿ ಇರುತ್ತದೆ, 60ರ ಲಾಟ್ ಆದರೆ 30. ಆದರೆ ದಾರಿಯ ಸ್ಟಾಕ್ ಲಾಟ್ ಎಷ್ಟು ದೊಡ್ಡದು ಅಂತ ನೋಡುವುದೇ ಇಲ್ಲ. ಅದು ನೋಡುವುದು ದಿನ ಮಾತ್ರ. ಎಲ್‌ಸಿಎಲ್‌ನಲ್ಲಿ ದಿನ ಹೆಚ್ಚಾಯಿತು. ಆ ತುದಿಯಲ್ಲಿ ಕಂಟೇನರ್ ತುಂಬುವವರೆಗೆ ಕಾಯಬೇಕು. ಅವರಿಗೆ ಸಿಕ್ಕ ಕಂಟೇನರ್ ಬರುತ್ತಿದ್ದದ್ದು ಕೊಚ್ಚಿಗೆ. ಅಲ್ಲಿ ಕಂಟೇನರ್ ಬಿಚ್ಚಿ ಒಬ್ಬೊಬ್ಬರ ಮಾಲು ಬೇರೆ ಮಾಡಬೇಕು, ಆಮೇಲೆ ಕಾಸರಗೋಡಿನವರೆಗೆ ಲಾರಿ. 38 ದಿನ 50 ಆಯಿತು. ಮೆಷಿನ್‌ಗೆ 450 ರೂ. ಖರ್ಚೂ ಏರಿತು.

ಮಳೆಗಾಲವಲ್ಲದಾಗ ಇದು ಕೆಲಸ ಮಾಡಿತು: ಗೋದಾಮು ಮತ್ತು ದಾರಿ ಸೇರಿ 226 ಇದ್ದದ್ದು 130ಕ್ಕೆ ಬಂತು. ಇದೇ ಉಪಾಯವನ್ನು ಸೀಸನ್‌ಗೆ ಹಾಕಿ ನೋಡಿದೆವು. 100ರ ಲಾಟ್ ಆದರೆ ಗೋದಾಮಿನಲ್ಲಿ 50, ದಾರಿಯಲ್ಲಿ 5 × 50 ಅಂದರೆ 250, ಒಟ್ಟು 300. ಪೂರ್ತಿ ಕಂಟೇನರಿನಲ್ಲಿ 150 ಮತ್ತು 190, ಒಟ್ಟು 340. ಬರೀ 40 ಮೆಷಿನ್ ಕಮ್ಮಿ ಮಾಡಲು ಪ್ರತಿ ಮೆಷಿನ್‌ಗೂ 450 ಕೊಡಬೇಕು. ಅಳಿಯ ಆ ಕಾಗದವನ್ನು ಮಾವನ ಮುಂದಿಟ್ಟ ದಿನವೇ ಸೀಸನ್‌ಗೆ ಎಲ್‌ಸಿಎಲ್ ಮಾತು ನಿಂತಿತು.

2025ರ ಮಳೆಗಾಲಕ್ಕೆ ಬೇರೆ ಮೂರು ಬದಲಾವಣೆ ಮಾಡಿದರು.

ಒಂದು, ಕಾಗದ. ಹಡಗು ಹೊರಡುವ ಮುಂಚೆಯೇ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಕರಡು ಬ್ರೋಕರ್‌ಗೆ ಹೋಗಿ, ಅವರು ಸರಿ ಅಂದ ಮೇಲೆಯೇ ಕಾರ್ಖಾನೆ ಅಂತಿಮ ಮಾಡಬೇಕು. ಕ್ಯಾಟಲಾಗ್, ಫೋಟೋ, ಹಳೆಯ ಬಿಲ್ ಆಫ್ ಎಂಟ್ರಿ ಜೊತೆಗೇ. ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ 30 ದಿನ ಮುಂಚಿನಿಂದಲೇ ಹಾಕಬಹುದು. ಇವರು ಕಂಟೇನರ್ ಕೊಲಂಬೊ ಬಿಡುವ ಹೊತ್ತಿಗೆ ಹಾಕಿದರು. ಸುಂಕದ ದುಡ್ಡನ್ನು ಬೇರೆ ಖಾತೆಯಲ್ಲಿ ಎತ್ತಿಟ್ಟರು. ಬಿಡುಗಡೆ 5 ದಿನದಲ್ಲಿ ಆಯಿತು. ಉಳಿತಾಯವಾದದ್ದು 2 ದಿನ ಮಾತ್ರ ಅನ್ನಬಹುದು. ಆದರೆ 19 ಆಗುವ ಭಯ ಇದ್ದಾಗ ಅದಕ್ಕೆಂದೇ 60 ಮೆಷಿನ್ ಹೆಚ್ಚುವರಿ ಇಡಬೇಕಿತ್ತು. ದಿನ ಕಮ್ಮಿಯಾದದ್ದಕ್ಕಿಂತ, ಎಷ್ಟು ದಿನ ಅಂತ ನಂಬಿ ಹೇಳುವ ಹಾಗೆ ಆದದ್ದರಿಂದ ಜಾಸ್ತಿ ದುಡ್ಡು ಬಿಡುಗಡೆಯಾಯಿತು.

ವರ್ಗೀಕರಣದಲ್ಲಿ ಅವರು 8467 ಅನ್ನೇ ಒಪ್ಪಿಕೊಂಡರು. ಹೆಚ್ಚು ಐಜಿಎಸ್‌ಟಿ ಹೇಗೂ ಮಾರುವಾಗ ಕಟ್ಟುವ ತೆರಿಗೆಯಲ್ಲಿ ಕ್ರೆಡಿಟ್ ಆಗುತ್ತದೆ, ಜಗಳ ಬೇಡ ಅನ್ನುವುದು ಅವರ ವಾದ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಅಂಗಡಿಗೆ ಕ್ರೆಡಿಟ್ ಸಿಗುತ್ತದೆ, ಜಿಎಸ್‌ಟಿ ನೋಂದಣಿ ಇಲ್ಲದ ಕೃಷಿಕನಿಗೆ ಸಿಗುವುದಿಲ್ಲ, ಅವನು 18 ಕೊಟ್ಟೇ ಒಯ್ಯಬೇಕು. 2025ರ ಸೆಪ್ಟೆಂಬರ್ 22ರಿಂದ 12 ಶೇಕಡಾ ಇದ್ದ ಕೃಷಿ ಯಂತ್ರಗಳು 5ಕ್ಕೆ ಇಳಿದ ಮೇಲೆ ಈ ಅಂತರ ಇನ್ನೂ ದೊಡ್ಡದಾಗಿದೆ. ಕಸ್ಟಮ್ಸ್‌ನ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರದ ಮುಂದೆ ಅರ್ಜಿ ಹಾಕಿ ಒಮ್ಮೆ ತೀರ್ಮಾನ ಮಾಡಿಸಿಕೊಳ್ಳಿ ಅಂತ ಹೇಳಿದ್ದೇನೆ. ಇನ್ನೂ ಹಾಕಿಲ್ಲ.

ಎರಡನೆಯದು ದುಡ್ಡು ಕೊಡುವ ರೀತಿ. ಸೀಸನ್‌ನ ಕಂಟೇನರ್‌ಗೆ ಮುಂಗಡ ಬಿಟ್ಟು, ಹಡಗು ಏರಿದ 60 ದಿನಕ್ಕೆ ಪಾವತಿ ಆಗುವ ಎಲ್‌ಸಿ, ಅಂದರೆ ದುಡ್ಡು ಕೊಡುತ್ತೇವೆ ಅಂತ ಬ್ಯಾಂಕ್ ಬರೆದುಕೊಡುವ ಭರವಸೆ ಪತ್ರ, ಮಾಡಿಸಿದರು. ಕಾರ್ಖಾನೆಯವರು ಬೆಲೆ 2 ಶೇಕಡಾ ಏರಿಸಿದರು, ಮೆಷಿನ್‌ಗೆ 120 ರೂ. ಅದೇ 60 ದಿನಕ್ಕೆ ಓಡಿ ಬಡ್ಡಿ ಮತ್ತು ಮುಂಗಡದ ಬಡ್ಡಿ ಸೇರಿ ಸುಮಾರು 128 ಆಗುತ್ತಿತ್ತು. ಬ್ಯಾಂಕಿನ ಎಲ್‌ಸಿ ಕಮಿಷನ್ ಸೇರಿಸಿದರೆ ಎಲ್‌ಸಿಯೇ ತುಸು ದುಬಾರಿ. ಆದರೂ ತೆಗೆದುಕೊಂಡದ್ದು ಸರಿ, ಯಾಕೆಂದರೆ ಎಲ್‌ಸಿ ಲಿಮಿಟ್ ಬೇರೆ, ಓಡಿ ಲಿಮಿಟ್ ಬೇರೆ. ಮೇಯಲ್ಲಿ ಓಡಿ ಪೂರ್ತಿ ಮೈಲುತುತ್ತಿಗೆ ಸಿಕ್ಕಿತು.

ಮೂರನೆಯದು ಯಜಮಾನರೇ ಮಾಡಿದ್ದು. ನನಗೆ ಹೇಳದೆ ಕೊಯಮತ್ತೂರಿನವರಿಗೆ ಫೋನ್ ಮಾಡಿ, "ನಿಮ್ಮನ್ನು ಬಿಟ್ಟಿಲ್ಲ ಮಾರಾಯ್ರೆ, ಸೀಸನ್‌ನಲ್ಲಿ ಕಮ್ಮಿ ಬಿದ್ದದ್ದು ನಿಮ್ಮಿಂದಲೇ" ಅಂದಿದ್ದರು. ಖಂಡಿತ ಮಾರಾಟವಾಗುವ ಸಂಖ್ಯೆ ಹಡಗಿನಲ್ಲಿ, ಅದರ ಮೇಲೆ ಏರಿಳಿಯುವ ಭಾಗ ಲಾರಿಯಲ್ಲಿ. ಆ ಮಳೆಗಾಲದಲ್ಲಿ ಸುಮಾರು 80 ಮೆಷಿನ್ 8,400 ಕೊಟ್ಟೇ ತಂದರು. 1,500 ಜಾಸ್ತಿ ಕೊಟ್ಟಂತೆ ಕಾಣುತ್ತದೆ. ಆದರೆ ಬೇಕಾಗಬಹುದು ಅಂತ ಸಮುದ್ರದಲ್ಲಿ ತೇಲಿಸಿ, ಮಳೆ ನಿಂತ ಮೇಲೆ ಉಳಿದುಹೋಗುವ ಮೆಷಿನ್‌ಗಿಂತ ಇದು ಅಗ್ಗ. ಮೂರರಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದೇ.

ಈಗ ಎಲ್ಲಿದೆ

ಎಲ್‌ಸಿಯಿಂದ ಎಲ್ಲ ಬಗೆಹರಿಯಿತು ಅಂತಿಲ್ಲ. 60 ದಿನದಲ್ಲಿ 36 ದಾರಿಯಲ್ಲೇ ಹೋಗುತ್ತದೆ. ಉಳಿದ 24 ದಿನದಲ್ಲಿ, ಪೂರ್ತಿ ಸೀಸನ್ ಇದ್ದರೂ 120 ಮೆಷಿನ್ ಮಾರಬಹುದು. ಪಾವತಿ ಮಾತ್ರ 300ಕ್ಕೂ ಒಂದೇ ದಿನ. ಅಂದರೆ ಓಡಿಯ ಒತ್ತಡ ಮೇಯಿಂದ ಜೂನ್ ಕೊನೆಗೆ ಸರಿಯಿತು, ಹೋಗಲಿಲ್ಲ. ಅಷ್ಟರಲ್ಲಿ ಮೈಲುತುತ್ತಿನ ದುಡ್ಡು ವಾಪಸ್ ಬಂದಿರುವುದರಿಂದ ತಡೆದುಕೊಳ್ಳಬಹುದು ಅಷ್ಟೇ. ಮಳೆ ತಡವಾದ ವರ್ಷ ಮೈಲುತುತ್ತೂ ನಿಧಾನ, ಮೆಷಿನ್ನೂ ನಿಧಾನ, ಎಲ್‌ಸಿ ದಿನಾಂಕ ಮಾತ್ರ ಕದಲುವುದಿಲ್ಲ.

2025ರ ಮೇ 25ರಂದು ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಮುಳುಗಿದಾಗ ಇವರದ್ದು ಆಗಲೇ ಪಣಂಬೂರಿನಲ್ಲಿ ಇಳಿದಾಗಿತ್ತು. ಆದರೂ ಮರುದಿನ ಬೆಳಿಗ್ಗೆ ಯಜಮಾನರು ಫೋನ್ ಮಾಡಿ ವಿಮೆ ಪಾಲಿಸಿ ಓದಿಸಿದರು. ಪಾಲಿಸಿ ಬಂದರಿನವರೆಗೆ ಮಾತ್ರ ಇತ್ತು. ಪಣಂಬೂರಿನಿಂದ ಗೋದಾಮಿನವರೆಗಿನ ದಾರಿಗೂ ಸೇರಿಸಿ ಈಗ ಬದಲಿಸಿದ್ದಾರೆ.

ಅಳಿಯನ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಈಗ "ದಾರಿಯಲ್ಲಿರುವ ಮಾಲು" ಅಂತ ಬೇರೆ ಸಾಲು ಇದೆ. ಬಿಲ್ ಆಫ್ ಲೇಡಿಂಗ್ ನಂಬರ್, ಹಡಗು ಏರಿದ ದಿನ, ಕೊಲಂಬೊ ಬಿಟ್ಟ ದಿನ ಅದರ ಎದುರು ಬರೆದಿರುತ್ತದೆ. ಅದರ ಮೇಲೆ ಡ್ರಾಯಿಂಗ್ ಪವರ್ ಕೊಡಲು ಬ್ಯಾಂಕ್ ಇನ್ನೂ ಒಪ್ಪಿಲ್ಲ, ಅರ್ಜಿ ಮೇಲಿನ ಆಫೀಸಿಗೆ ಹೋಗಿದೆ.